ಹಿಂಡುವಾಗ ಕುಣಿಯುವ ಮಷೀನ್: ಮೊದಲು ಕಾಲು, ಆಮೇಲೆ ಹೊರೆ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲ ಹಿಡಿಯಿತೆಂದರೆ ವಾಷಿಂಗ್ ಮಷೀನ್ ರಿಪೇರಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: 'ಸ್ಪಿನ್‌ಗೆ ಬಂದ ಕೂಡಲೇ ಮಷೀನ್ ಕುಣಿಯುತ್ತದೆ.' ಬಿಸಿಲಿಲ್ಲದ ಕಾಲದಲ್ಲಿ ಬಟ್ಟೆ ಬೇಗ ಆರಲಿ ಎಂದು ಎಲ್ಲರೂ ಹೆಚ್ಚಿನ ವೇಗದಲ್ಲಿ ಹಿಂಡಿಸುತ್ತಾರೆ. ಕಂಬಳಿ, ದಪ್ಪ ಹೊದಿಕೆಗಳು ಒಗೆಯಲು ಬರುವುದೂ ಆಗಲೇ.

ಕಳೆದ ಮಳೆಗಾಲದಲ್ಲಿ ಒಂದು ತೋಟದ ಮನೆಗೆ ಹೋಗಿದ್ದೆ. ಮುಂಬಾಗಿಲಿನ ಮಷೀನನ್ನು ಬಚ್ಚಲಮನೆಯ ಪಕ್ಕದಲ್ಲಿ ಇಟ್ಟಿದ್ದರು. ಕುಣಿದು ಕುಣಿದು ಅದು ಗೋಡೆಯಿಂದ ಒಂದು ಗೇಣು ಮುಂದೆ ಬಂದಿತ್ತು, ನೀರಿನ ಪೈಪು ಬಿಗಿದು ನಿಂತಿತ್ತು. ಮನೆಯ ಹಿರಿಯರು, "ಮೋಟರ್ ಹೋಗಿದೆಯೇನಪ್ಪಾ?" ಎಂದು ಕೇಳಿದರು. "ಮೊದಲು ಬಟ್ಟೆ ತೆಗೆದು ಖಾಲಿ ಓಡಿಸೋಣ ಅಮ್ಮಾ" ಎಂದೆ.

ಖಾಲಿ ಡ್ರಮ್ಮಿನಲ್ಲಿ ಬರೀ ಸ್ಪಿನ್ ಹಾಕಿ ನೋಡುವುದು ನನ್ನ ಮೊದಲ ಪರೀಕ್ಷೆ. ಖಾಲಿಯಿದ್ದಾಗ ಸುಮ್ಮನಿದ್ದು ಬಟ್ಟೆ ಹಾಕಿದಾಗ ಮಾತ್ರ ಕುಣಿದರೆ ಹೊರೆಯನ್ನು ನೋಡಬೇಕು. ಖಾಲಿಯಿದ್ದರೂ ನಡುಗಿದರೆ ಕಾಲನ್ನೋ ಒಳಗಿನ ಭಾಗಗಳನ್ನೋ ನೋಡಬೇಕು. ಆ ಮನೆಯಲ್ಲಿ ಖಾಲಿ ಮಷೀನ್ ಕೂಡ ಗಡಗಡ ಸದ್ದು ಮಾಡಿತು.

ನಿಲ್ಲಿಸಿ, ಮೇಲ್ಭಾಗದ ಎದುರುಬದುರು ಮೂಲೆಗಳ ಮೇಲೆ ಎರಡೂ ಅಂಗೈ ಇಟ್ಟು ಒಂದಾದ ಮೇಲೊಂದು ಒತ್ತಿದೆ. ಮಷೀನ್ ಟಕ್ ಟಕ್ ಎಂದು ವಾಲಿತು. ಬಲ ಹಿಂಬದಿಯ ಕಾಲಿನ ಕೆಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೊಕ್ಕಿತು. ಬಚ್ಚಲಿನ ನೆಲಕ್ಕೆ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ, ಆದ್ದರಿಂದ ನಾಲ್ಕು ಕಾಲುಗಳನ್ನು ಒಂದೇ ಉದ್ದಕ್ಕೆ ಇಟ್ಟರೆ ಆಗುವುದಿಲ್ಲ. ಮೂರು ಕಾಲು ಊರಿ ನಾಲ್ಕನೆಯದು ಗಾಳಿಯಲ್ಲಿದ್ದರೆ ಪ್ರತಿ ಸುತ್ತಿಗೂ ಮಷೀನ್ ಆ ಮೂಲೆಯನ್ನು ನೆಲಕ್ಕೆ ಕುಟ್ಟುತ್ತದೆ.

ವಿದ್ಯುತ್ ಪ್ಲಗ್ ಕಿತ್ತು, ಒಬ್ಬರ ಸಹಾಯದಿಂದ ಮಷೀನನ್ನು ಎತ್ತಿ ಕೆಳಗೆ ರೀಪಿನ ತುಂಡು ಕೊಟ್ಟೆವು. ನಾಲ್ಕೂ ಕಾಲುಗಳನ್ನು ಪೂರ್ತಿ ಒಳಕ್ಕೆ ತಿರುಗಿಸಿ, ತಗ್ಗಿನಲ್ಲಿರುವ ಕಾಲುಗಳನ್ನು ಮಾತ್ರ ಬೇಕಾದಷ್ಟು ಹೊರಕ್ಕೆ ಬಿಟ್ಟೆ. ಕಾಲು ಗಿಡ್ಡವಿದ್ದಷ್ಟೂ ಅಲುಗಾಟ ಕಡಿಮೆ. ಗಾರೆಯವರ ರಸಮಟ್ಟವನ್ನು ಮೇಲ್ಭಾಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ಇಟ್ಟು ಗುಳ್ಳೆ ನಡುವೆ ನಿಲ್ಲುವಂತೆ ಮಾಡಿದೆ. ಗುಳ್ಳೆ ನಡುವೆ ನಿಂತರೂ ಒಂದು ಕಾಲು ಸಡಿಲವಾಗಿರಬಹುದು, ಹಾಗಾಗಿ ಮೂಲೆ ಒತ್ತುವ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ಕೊನೆಗೆ ಪ್ರತಿ ಕಾಲಿನ ಚೆಕ್ ನಟ್ಟನ್ನು ಮೇಲಕ್ಕೆ ತಿರುಗಿಸಿ ಮಷೀನಿನ ತಳಕ್ಕೆ ಕಚ್ಚುವಂತೆ ಬಿಗಿದೆ. ಇದನ್ನು ಬಿಟ್ಟರೆ ಅದುರಿಕೆಗೆ ಕಾಲು ತಾನೇ ತಿರುಗಿ ಮಟ್ಟ ಮತ್ತೆ ತಪ್ಪುತ್ತದೆ. ಕಾಲಿನಡಿ ರಟ್ಟು, ಹಾಳೆ ಮಡಿಸಿ ಇಡುವುದನ್ನು ನಾನು ಎಲ್ಲಿಯೂ ಒಪ್ಪುವುದಿಲ್ಲ. ನೀರು ಬಿದ್ದರೆ ಮೆತ್ತಗಾಗಿ ಕುಸಿಯುತ್ತವೆ. ಚಕ್ರದ ಸ್ಟ್ಯಾಂಡನ್ನೂ ಅಷ್ಟೇ, ಬೇಡವೆನ್ನುತ್ತೇನೆ.

ಖಾಲಿ ಸ್ಪಿನ್ ಈಗ ಶಾಂತವಾಗಿ ಮುಗಿಯಿತು. ಆದರೆ ಹೊರಗೆ ತೆಗೆದಿಟ್ಟಿದ್ದ ಬಟ್ಟೆ ಒಂದೇ ಒಂದು ಕಂಬಳಿ ಎಂಬುದನ್ನು ನೋಡಿದ್ದೆ. ನೀರು ಹೀರಿದ ಕಂಬಳಿ ಮುದ್ದೆಯಾಗಿ ಡ್ರಮ್ಮಿನ ಒಂದೇ ಬದಿಗೆ ಅಂಟಿಕೊಳ್ಳುತ್ತದೆ. ಒಂದು ಬದಿಗೆ ಒಂದು ಕಿಲೋ ಹೆಚ್ಚಿದೆ, ಅದು ನಡುವಿನಿಂದ 24 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ನಿಮಿಷಕ್ಕೆ 1200 ಸುತ್ತಿನಲ್ಲಿ ಅದು ಸುಮಾರು 385 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ, ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತಾ. ವೇಗವನ್ನು 600ಕ್ಕೆ ಇಳಿಸಿದರೆ ಆ ಬಲ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಒಳಗಿನ ಸ್ಪ್ರಿಂಗ್, ಡ್ರಮ್ಮಿನ ಎಗರಾಟ ತಡೆಯುವ ಡ್ಯಾಂಪರ್, ಕಾಂಕ್ರೀಟ್ ತೂಕಗಳು ಇದರಲ್ಲಿ ಬಹುಪಾಲನ್ನು ನುಂಗುತ್ತವೆ, ಉಳಿದದ್ದು ಕಾಲಿಗೆ ಇಳಿಯುತ್ತದೆ. ಈಗಿನ ಮಷೀನುಗಳು ಮೊದಲು ನಿಧಾನವಾಗಿ ತಿರುಗಿಸಿ ಬಟ್ಟೆಯನ್ನು ಹರಡಲು ನೋಡುತ್ತವೆ. ಆಗದಿದ್ದರೆ ವೇಗ ಏರಿಸದೆ ನಿಲ್ಲಿಸಿಬಿಡುತ್ತವೆ. ಕೆಲವದರ ಪರದೆಯಲ್ಲಿ `UE` ಎಂದು ಬರುತ್ತದೆ.

ಕಂಬಳಿಯ ಜೊತೆ ಎರಡು ಮೂರು ಟವೆಲ್ ಹಾಕಿಸಿ, ಎಲ್ಲವನ್ನೂ ಕೈಯಿಂದ ಬಿಡಿಸಿ ಡ್ರಮ್ಮಿನ ಸುತ್ತ ಹರಡಿ, ವೇಗವನ್ನು 800ಕ್ಕೆ ಇಟ್ಟೆ. ವೇಗ ಏರುವ ಆರಂಭದಲ್ಲಿ ಒಮ್ಮೆ ತೂಗಿತು, ಆಮೇಲೆ ನಿಂತಲ್ಲೇ ನಿಂತಿತು. ಆ ಆರಂಭದ ತೂಗಾಟ ಸಹಜ. ಡ್ರಮ್ ನೇತಾಡುವ ಸ್ಪ್ರಿಂಗುಗಳ ಲಯಕ್ಕೆ ವೇಗ ಹೊಂದುವ ಘಳಿಗೆ ಅದು, ದಾಟಿದ ಮೇಲೆ ತಣ್ಣಗಾಗುತ್ತದೆ.

ಕಾಲು ಸರಿಯಿದ್ದೂ ಖಾಲಿ ಮಷೀನ್ ನಡುಗಿದರೆ ಎರಡನ್ನು ನೋಡುತ್ತೇನೆ. ಹೊಸ ಮಷೀನಾದರೆ, ಸಾಗಣೆಗೆಂದು ಹಿಂಬದಿಯಲ್ಲಿ ಹಾಕಿದ ಬೋಲ್ಟುಗಳು ಹಾಗೆಯೇ ಉಳಿದಿರಬಹುದು. ಹಳೆಯದಾದರೆ ಡ್ರಮ್ಮನ್ನು ಕೈಯಿಂದ ಕೆಳಕ್ಕೆ ಒತ್ತಿ ಬಿಡುತ್ತೇನೆ. ಮೇಲೆ ಬಂದು ನಿಲ್ಲಬೇಕು, ಎಗರಾಡುತ್ತಲೇ ಇದ್ದರೆ ಡ್ಯಾಂಪರ್ ಸವೆದಿದೆ ಎಂದರ್ಥ. ಅದನ್ನು ಕಾಲು ತಿರುಗಿಸಿ ಸರಿಮಾಡಲು ಬರುವುದಿಲ್ಲ.

ಹೊರಡುವಾಗ ಆ ಮನೆಯ ಗೂಟದಲ್ಲಿ ರೇನ್‌ಕೋಟುಗಳು ನೇತಾಡುತ್ತಿದ್ದವು. ಅವನ್ನು ಮಷೀನಿಗೆ ಹಾಕಲೇಬೇಡಿ ಎಂದು ಹೇಳಿ ಬಂದೆ. ನೀರು ತೂರದ ಬಟ್ಟೆಯೊಳಗೆ ನೀರು ಚೀಲದಂತೆ ನಿಂತು, ಪೂರ್ಣ ವೇಗದಲ್ಲಿ ತಟ್ಟನೆ ಹೊರಬಿದ್ದರೆ ಎಷ್ಟೇ ಮಟ್ಟವಾಗಿ ನಿಂತ ಮಷೀನೂ ಅದನ್ನು ತಡೆದುಕೊಳ್ಳುವುದಿಲ್ಲ.