ಉಂಡ ಮ್ಯಾಲೆ ಅಡ್ಡಾಡೋ ರೂಢಿ ಬೀಳಬೇಕಂದ್ರ

"ರಾತ್ರಿ ಒಂಬತ್ತಕ್ಕ ವಾಕಿಂಗ್" ಅಂತ ಗಡಿಯಾರ ನಂಬಬ್ಯಾಡ್ರಿ, ಊಟದ ಹೊತ್ತು ದಿನಾ ಹಿಂದ-ಮುಂದ ಆಗತೈತಿ. ಉಂಡ ತಾಟು ಬಚ್ಚಲಕ್ಕ ಇಟ್ಟ ಕೂಡಲೇ ಚಪ್ಪಲಿ ಮೆಟ್ರಿ, ತಾಟು ಇಡೋದನ್ನ ಹೊರಡೋ ಗುರುತು ಮಾಡ್ಕೊಳ್ರಿ. ನಡುವ ಟಿವಿ ಮುಂದ ಕುಂತ್ರ ಮುಗೀತು, ಮತ್ತ ಏಳಂಗಿಲ್ಲ.

ಮೊದಲ ಎರಡು ವಾರ ಓಣಿ ತುದಿತನಕ ಹೋಗಿ ಬಂದ್ರ ಸಾಕು. ಹುರುಪಿನ್ಯಾಗ ಮೊದಲ ದಿನಾನ ಗೋಳಗುಮ್ಮಟದ ತನಕ ಹೊಂಟ್ರ, ನಾಕನೇ ದಿನಕ್ಕ ಕಾಲುನೋವೇ ನೆಪ ಆಗತೈತಿ.

ಲಂಡನ್ನಿನ ಸಂಶೋಧಕರು 2010ರಾಗ ಪ್ರಕಟಿಸಿದ ಅಧ್ಯಯನದಾಗ ರೂಢಿ ಬೀಳಾಕ ಸುಮಾರು 66 ದಿನ ಹಿಡದಿತ್ತು. ಕೆಲವರಿಗೆ ಇನ್ನೂ ಭಾಳ ಹೆಚ್ಚು. ನಡುವ ಒಂದು ದಿನ ತಪ್ಪಿದ್ದಕ್ಕ ಹೇಳ್ಕೊಳ್ಳುವಂಥ ಹಿನ್ನಡೆ ಆಗಿರಲಿಲ್ಲ. ಹಂಗಾಗಿ ಮದುವಿ ಮನಿಗೆ ಹೋಗಿ ತಪ್ಪಿದ್ರ, ಮರುದಿನ ಡಬಲ್ ನಡೀಬ್ಯಾಡ್ರಿ. ಅದ ಓಣಿ ತುದಿ ಸಾಕು. ವಾರಕ್ಕ ಮೂರು ಸಲ ತಪ್ಪಾಕತ್ತಿದ್ರ ನಿಮ್ಮನ್ನ ಬೈಕೋಬ್ಯಾಡ್ರಿ, ಗುರುತು ಬದಲಿಸ್ರಿ.