ಮಿಡತೆಯ ನಾಳಿಕೆ ಸುರಿಸುವ ನೀರು, ಗುದನಾಳ ಮರಳಿ ಪಡೆಯುವ ನೀರು: ಅಳೆದು ನೋಡಿದ ಅನುಭವ

ಕೀಟದ ವಿಸರ್ಜನಾಂಗಗಳಾದ ಮಾಲ್ಪಿಜಿಯನ್ ನಾಳಿಕೆಗಳು ನಮ್ಮ ಮೂತ್ರಪಿಂಡದಂತೆ ಒತ್ತಡದಿಂದ ರಕ್ತವನ್ನು ಸೋಸುವುದಿಲ್ಲ. ನಾಳಿಕೆಯ ಜೀವಕೋಶಗಳು ಶಕ್ತಿ ವ್ಯಯಿಸಿ ಪ್ರೋಟಾನುಗಳನ್ನು ಒಳಕ್ಕೆ ತಳ್ಳುತ್ತವೆ. ಅವುಗಳ ವಿನಿಮಯದಲ್ಲಿ ಪೊಟ್ಯಾಸಿಯಂ ಒಳಗೆ ಸೇರುತ್ತದೆ, ಕ್ಲೋರೈಡ್ ಅದನ್ನು ಹಿಂಬಾಲಿಸುತ್ತದೆ, ಕೊನೆಗೆ ನೀರು ಹರಿದು ಬರುತ್ತದೆ. ಹೀಗೆ ಸುರಿಯುವ ನೀರು ಎಷ್ಟು, ಅದರಲ್ಲಿ ಹಿಂಗರುಳು ಮರಳಿ ಪಡೆಯುವುದೆಷ್ಟು ಎಂಬುದನ್ನು ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಮರುಭೂಮಿ ಮಿಡತೆಯಲ್ಲಿ ನಾನೇ ಅಳೆದೆ.

ಮೊದಲ ಅಳತೆಗೆ ಕೇಂಬ್ರಿಡ್ಜಿನ ರ‍್ಯಾಮ್ಸೆ 1954ರಲ್ಲಿ ಕಡ್ಡಿಕೀಟದ ಮೇಲೆ ಪ್ರಕಟಿಸಿದ ವಿಧಾನವನ್ನೇ ಅನುಸರಿಸಿದೆ. ಮಿಡತೆಯನ್ನು ಮಂಜುಗಡ್ಡೆಯ ಮೇಲಿಟ್ಟು ನಿಶ್ಚಲಗೊಳಿಸಿ, ತಲೆ ಬೇರ್ಪಡಿಸಿ, ಉದರವನ್ನು ತೆರೆದರೆ ಮಧ್ಯಗರುಳು ಮತ್ತು ಹಿಂಗರುಳು ಕೂಡುವ ಜಾಗದಿಂದ ಹೊರಟ ಸುಮಾರು 250 ನಾಳಿಕೆಗಳು ಕೂದಲೆಳೆಗಳಂತೆ ಹರಡಿಕೊಂಡಿರುತ್ತವೆ. ಅವುಗಳಿಗೆ ಉಸಿರುನಾಳಗಳು ಅಂಟಿಕೊಂಡಿರುವುದರಿಂದ ಎಳೆದು ತೆಗೆಯುವಂತಿಲ್ಲ. ಆ ಉಸಿರುನಾಳಗಳನ್ನು ಒಂದೊಂದಾಗಿ ಕತ್ತರಿಸುತ್ತಾ, ಗಾಜಿನ ಸಣ್ಣ ಕೊಕ್ಕೆಯಿಂದ ಒಂದೇ ನಾಳಿಕೆಯನ್ನು ಬಿಡಿಸಿಕೊಳ್ಳಬೇಕು. ಅದನ್ನು ದ್ರವ ಪ್ಯಾರಾಫಿನ್ ತುಂಬಿದ ತಟ್ಟೆಯೊಳಗಿನ ಲವಣದ್ರಾವಣದ ಹನಿಯಲ್ಲಿ ಇರಿಸಿ, ಕತ್ತರಿಸಿದ ತುದಿಯನ್ನು ಮಾತ್ರ ಹನಿಯಿಂದ ಹೊರಗೆಳೆದು ಸೂಕ್ಷ್ಮ ಸೂಜಿಗೆ ಸುತ್ತಿ, ಹನಿಗೂ ಸೂಜಿಗೂ ನಡುವಿನ ಭಾಗದಲ್ಲಿ ಚಿಕ್ಕದೊಂದು ಗಾಯ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಆ ಗಾಯದ ಬಾಯಲ್ಲಿ ಎಣ್ಣೆಯೊಳಗೆ ದುಂಡನೆಯ ತಿಳಿಹನಿಯೊಂದು ಬೆಳೆಯತೊಡಗುತ್ತದೆ.

ಸೂಕ್ಷ್ಮದರ್ಶಕದ ಅಳತೆಗೆರೆಗಳಿಂದ ಹನಿಯ ವ್ಯಾಸ ತಿಳಿದರೆ ಗಾತ್ರ ಸಿಗುತ್ತದೆ. ಅರ್ಧ ಗಂಟೆಯಲ್ಲಿ 0.4 ಮಿಲಿಮೀಟರ್ ವ್ಯಾಸಕ್ಕೆ ಬೆಳೆದ ಹನಿಯ ಗಾತ್ರ ಸುಮಾರು 34 ನ್ಯಾನೊಲೀಟರ್, ಅಂದರೆ ನಿಮಿಷಕ್ಕೆ ಒಂದು ನ್ಯಾನೊಲೀಟರಿಗಿಂತ ತುಸು ಹೆಚ್ಚು. ವ್ಯಾಸದ ಘನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಅಳತೆಯಲ್ಲಿ ಹತ್ತನೇ ಒಂದರಷ್ಟು ತಪ್ಪಿದರೂ ಗಾತ್ರದಲ್ಲಿ ಮೂರನೇ ಒಂದರಷ್ಟು ವ್ಯತ್ಯಾಸವಾಗುತ್ತದೆ. ತಟ್ಟೆಯ ತಳಕ್ಕೆ ತಾಗಿ ಚಪ್ಪಟೆಯಾದ ಹನಿಯನ್ನಂತೂ ಗೋಳವೆಂದು ಎಣಿಸಲೇಬಾರದು.

ಹನಿ ಬಂದಿತೆಂಬ ಮಾತ್ರಕ್ಕೆ ನಾಳಿಕೆ ಜೀವಂತವಾಗಿದೆ ಎಂದು ನಂಬುವಂತಿಲ್ಲ, ಏಕೆಂದರೆ ಹರಿದ ನಾಳಿಕೆಯ ಮೂಲಕ ಲವಣದ್ರಾವಣವೇ ಸೋರಿ ಬರಬಹುದು. ಆದ್ದರಿಂದ ದ್ರಾವಣಕ್ಕೆ ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಿದ್ದೆ. ಆರೋಗ್ಯವಾದ ನಾಳಿಕೆ ಈ ಬಣ್ಣವನ್ನು ಹೀರಿ ಸಾಂದ್ರಗೊಳಿಸುವುದರಿಂದ, ಹೊರಬಂದ ಹನಿ ಸುತ್ತಲಿನ ದ್ರಾವಣಕ್ಕಿಂತ ಸ್ಪಷ್ಟವಾಗಿ ಕಡುನೀಲಿಯಾಗಿ ಕಾಣುತ್ತದೆ. ಎರಡರ ಬಣ್ಣವೂ ಒಂದೇ ಆಗಿದ್ದರೆ ಆ ಅಳತೆಯನ್ನು ಕೈಬಿಡುವುದೇ ಸರಿ.

ಎಲ್ಲ ನಾಳಿಕೆಗಳೂ ಇದೇ ವೇಗದಲ್ಲಿ ಸುರಿಸಿದರೆ ಗಂಟೆಗೆ ಸುಮಾರು 17 ಮೈಕ್ರೊಲೀಟರ್, ದಿನಕ್ಕೆ 400ರಷ್ಟು ಆಗುತ್ತದೆ. ಎರಡು ಗ್ರಾಂ ತೂಗುವ ಮಿಡತೆಯ ದೇಹದಲ್ಲಿರುವ ರಕ್ತದ್ರವವೆಲ್ಲ ಸೇರಿದರೂ ಕೆಲವು ನೂರು ಮೈಕ್ರೊಲೀಟರ್ ಮಾತ್ರ. ಸುರಿದದ್ದೆಲ್ಲ ಹೊರಹೋದರೆ ಮಿಡತೆ ಒಂದೇ ದಿನದಲ್ಲಿ ಒಣಗಿ ಸಾಯಬೇಕಾಗುತ್ತದೆ ಎಂಬುದನ್ನು ಈ ಲೆಕ್ಕ ನನಗೆ ಮನದಟ್ಟು ಮಾಡಿಕೊಟ್ಟಿತು. ಆದಕಾರಣ ಎರಡನೆಯ ಅಳತೆಯಿಲ್ಲದೆ ಮೊದಲನೆಯದಕ್ಕೆ ಅರ್ಥವೇ ಬರುವುದಿಲ್ಲ.

ಹಿಂಗರುಳಿನ ಕೊನೆಯ ಭಾಗವಾದ ಗುದನಾಳದ ಗೋಡೆಯಲ್ಲಿ ಉದ್ದಕ್ಕೆ ಆರು ದಪ್ಪ ದಿಂಡುಗಳಿವೆ. ನೀರನ್ನು ಮರಳಿ ಪಡೆಯುವ ಕೆಲಸ ಅವುಗಳದ್ದು. ಗುದನಾಳವನ್ನು ಕತ್ತರಿಸಿ, ಸಪುರ ಪ್ಲಾಸ್ಟಿಕ್ ಕೊಳವೆಯ ತುದಿಗೆ ಒಳಭಾಗ ಹೊರಗಾಗುವಂತೆ ಮಗುಚಿ, ಎರಡೂ ಕಡೆ ರೇಷ್ಮೆ ದಾರದಿಂದ ಕಟ್ಟಿ, ಆಮ್ಲಜನಕ ಹಾಯಿಸಿದ ಲವಣದ್ರಾವಣದಲ್ಲಿ ತೂಗುಹಾಕಿದೆ. ಗಂಟೆಗೊಮ್ಮೆ ಚೀಲದೊಳಗೆ ಸಂಗ್ರಹವಾದ ದ್ರವವನ್ನು ಹೊರತೆಗೆದು, ತೆಗೆಯುವ ಮುನ್ನ ಮತ್ತು ನಂತರ ಚೀಲವನ್ನು ತೂಗಿದರೆ ಪ್ರತಿ ಮಿಲಿಗ್ರಾಂ ವ್ಯತ್ಯಾಸವೂ ಹೆಚ್ಚೂಕಡಿಮೆ ಒಂದು ಮೈಕ್ರೊಲೀಟರಿಗೆ ಸಮ. ಮೊದಲ ಗಂಟೆಯಲ್ಲಿ ಅಂಗಾಂಶವೇ ಉಬ್ಬುವುದರಿಂದ ಆ ತೂಕವನ್ನು ನಾನು ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ದ್ರಾವಣದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇರಲೇಬೇಕು, ಏಕೆಂದರೆ ಮಿಡತೆಯ ಗುದನಾಳಕ್ಕೆ ಗ್ಲೂಕೋಸಿಗಿಂತ ಅದೇ ಮುಖ್ಯ ಇಂಧನ.

ದಿಂಡುಗಳ ಜೀವಕೋಶಗಳು ಕ್ಲೋರೈಡನ್ನು ಒಳಗೆಳೆದುಕೊಳ್ಳುತ್ತವೆ. ಲವಣಗಳು ಕೋಶಗಳ ನಡುವಿನ ಇಕ್ಕಟ್ಟಾದ ಸಂದುಗಳಲ್ಲಿ ಸಾಂದ್ರವಾಗುವುದರಿಂದ ನೀರು ಅತ್ತ ಹರಿಯುತ್ತದೆ. ಆ ದ್ರವ ರಕ್ತದ ಕಡೆಗೆ ಸಾಗುವಾಗ ಲವಣದ ಒಂದು ಪಾಲನ್ನು ಕೋಶಗಳು ಮತ್ತೆ ಹೀರಿಕೊಂಡು ಮರುಬಳಕೆ ಮಾಡುತ್ತವೆ. ಹಾರ್ಮೋನಿನ ಸಂದೇಶವನ್ನು ಕೋಶದೊಳಗೆ ಒಯ್ಯುವ ಸೈಕ್ಲಿಕ್ ಎಎಂಪಿಯನ್ನು ದ್ರಾವಣಕ್ಕೆ ಸೇರಿಸಿದಾಗ ಹೀರಿಕೆ ಸ್ಪಷ್ಟವಾಗಿ ಏರಿತು. ಜೀವಂತ ಮಿಡತೆಯಲ್ಲಿ ಈ ಪ್ರಚೋದನೆ ಮಿದುಳಿನ ಹಿಂದಿರುವ ಗ್ರಂಥಿಯ ಹಾರ್ಮೋನಿನಿಂದ ಬರುತ್ತದೆ. ಹೀಗೆ ಪ್ರಚೋದಿತವಾದ ಚೀಲವೊಂದು ಗಂಟೆಗೆ 14 ಮಿಲಿಗ್ರಾಂ ಹೀರಿತು, ಅಂದರೆ ನಾಳಿಕೆಗಳು ಸುರಿಸುವ 17ರಲ್ಲಿ ಬಹುಪಾಲು. ಇವೆರಡನ್ನೂ ಸುಮ್ಮನೆ ಕಳೆದು ಮಿಡತೆಯ ನಷ್ಟ ಮೂರು ಎಂದು ಬರೆಯಲು ಬಾರದು. ಗುದನಾಳಕ್ಕೆ ತಲುಪುವ ಮೊದಲೇ ಹಿಂಗರುಳಿನ ಮುಂಭಾಗವಾದ ಇಲಿಯಮ್ ಸ್ವಲ್ಪ ನೀರನ್ನು ಹೀರಿಕೊಂಡಿರುತ್ತದೆ, ಮೇಲಾಗಿ ತಟ್ಟೆಯ ನಾಳಿಕೆಗೆ ಹಾರ್ಮೋನಿನ ಪ್ರಚೋದನೆ ಇರಲಿಲ್ಲ.

ಬಾಯಾರಿದ ಮಿಡತೆಯಲ್ಲಿ ಗುದನಾಳದೊಳಗಿನ ದ್ರವ ರಕ್ತಕ್ಕಿಂತ ಮೂರು-ನಾಲ್ಕು ಪಟ್ಟು ಸಾಂದ್ರವಾಗುವವರೆಗೂ ಹೀರಿಕೆ ನಡೆಯುತ್ತದೆ. ಇದಕ್ಕೆ ಯೂರಿಕ್ ಆಮ್ಲವೂ ನೆರವಾಗುತ್ತದೆ: ನಾಳಿಕೆಯಿಂದ ಕರಗಿದ ಯುರೇಟಾಗಿ ಬಂದದ್ದು ಗುದನಾಳದ ಆಮ್ಲೀಯ ದ್ರವದಲ್ಲಿ ಹರಳುಗಟ್ಟಿ ಕೆಳಗಿಳಿಯುತ್ತದೆ, ಘನವಾದ ಮೇಲೆ ನೀರನ್ನು ಹಿಡಿದಿಡುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ, ಅಷ್ಟರ ಮಟ್ಟಿಗೆ ದಿಂಡುಗಳು ಇನ್ನಷ್ಟು ನೀರನ್ನು ಎಳೆದುಕೊಳ್ಳಬಲ್ಲವು.