ಸೋತವನನ್ನು ಕೆಟ್ಟವನನ್ನಾಗಿ ಮಾಡಬೇಡಿ

ತ್ರಿಕೋನ ಪ್ರೇಮದ ಕತೆ ಬರೆಯುವವರಿಗೆ ಒಂದು ಮಾತು. ನಾನೇ ಮಾಡಿದ ತಪ್ಪು ಇದು.

ನನ್ನ ಕತೆಯ ಸುಮಾ ಶಿರಸಿ ಕಡೆಯವಳು. ಪಕ್ಕದ ತೋಟದ ಗಣಪತಿ ಒಬ್ಬ, ಕಾರವಾರದಲ್ಲಿ ಬೋಟ್ ಇಟ್ಟುಕೊಂಡ ಪ್ರಕಾಶ ಇನ್ನೊಬ್ಬ. ಅವಳು ಪ್ರಕಾಶನನ್ನು ಒಪ್ಪಬೇಕಿತ್ತು. ಅದಕ್ಕೆ ಕೊನೆಯ ಹೊತ್ತಿಗೆ ಗಣಪತಿಗೆ ಸುಮ್ನೆ ಕುಡಿತದ ಚಟ ಅಂಟಿಸಿದೆ. ಓದಿದ ಗೆಳತಿ ಕೇಳಿದಳು, "ಇದು ಅವಳು ಆರಿಸಿದ್ದಾ, ನೀನು ಆರಿಸಿದ್ದಾ?"

ಸರಿಯಾಗಿಯೇ ಕೇಳಿದಳು. ಇಬ್ಬರು ಗಂಡಸರು ಅಂದರೆ ಎರಡು ಬದುಕು. ಮನಸ್ಸಿನೊಳಗಿನ ಗೊಂದಲಕ್ಕೆ ಮುಖ ಕೊಡಬಹುದು ಅಂತಲೇ ಅಲ್ವಾ ನಾವು ತ್ರಿಕೋನ ಕಟ್ಟುವುದು? ಒಬ್ಬ ಕೆಟ್ಟವನಾದರೆ ಗೊಂದಲವೇ ಇಲ್ಲ.

ಕುಡಿತ ತೆಗೆದೆ. ಬದಲಿಗೆ ಮೊದಲೇ ಎರಡು ಸಣ್ಣ ದೃಶ್ಯ ಸೇರಿಸಿದೆ. ಒಮ್ಮೆ ಸುಮಾ ಕಾರವಾರಕ್ಕೆ ಹೊರಟವಳು ಮೋಡ ಕಂಡು ಬಸ್ಸಿಳಿಯುತ್ತಾಳೆ, ಅಂಗಳದಲ್ಲಿ ಅಡಿಕೆ ಹರಡಿದೆ. ಇನ್ನೊಮ್ಮೆ ಅದೇ ಮೋಡ. ಅಡಿಕೆ ಎತ್ತಲು ಗಣಪತಿಗೆ ಫೋನ್ ಮಾಡಿ, ಕಾರವಾರದ ದಾರಿಯ ದೇವಿಮನೆ ಘಟ್ಟ ಇಳಿಯುತ್ತಾಳೆ. ಅವನು ಬಂದು ಎತ್ತುತ್ತಾನೆ, ಒಂದು ಮಾತೂ ಆಡುವುದಿಲ್ಲ. ಅಲ್ಲಿಗೆ ಓದುಗರಿಗೆ ಗೊತ್ತಾಗುತ್ತದೆ, ಅವಳಿಗೇ ಇನ್ನೂ ಗೊತ್ತಿಲ್ಲ. ಕೊನೆಯಲ್ಲಿ ಅವಳು ಕಳೆದುಕೊಳ್ಳುವುದು ಒಳ್ಳೆಯವನನ್ನು, ಜೊತೆಗೆ ಆ ಅಂಗಳವನ್ನೂ.

ನಿಮ್ಮ ಕತೆಯಲ್ಲೂ ನೋಡಿ. ಇಬ್ಬರ ಹೆಸರು ಅದಲುಬದಲು ಮಾಡಿದರೂ ದೃಶ್ಯಗಳು ಹಾಗೇ ನಡೆದರೆ, ನಿಮ್ಮ ಹತ್ತಿರ ಇರುವುದು ಒಬ್ಬನೇ ನಾಯಕ.